ತೂಬು ಮುಚ್ಚಿದ ಕೆರೆ: ಅರ್ಧ ಮೂಡಿದ ವಿಷಯವೊಂದು ಪಿಎಚ್.ಡಿ. ಪ್ರಸ್ತಾವನೆಯಾದ ಪ್ರಕರಣ

ಎರಡು ವರ್ಷದ ಹಿಂದೆ, ಫೆಬ್ರುವರಿ ಕೊನೆಯ ವಾರ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಮೂರು ವರ್ಷ ಕೋಲಾರದ ಕಡೆ ಒಂದು ಸಂಸ್ಥೆಯಲ್ಲಿ ಹಳ್ಳಿ ಸುತ್ತುವ ಕೆಲಸ ಮಾಡಿದ್ದಳು. ಪಿಎಚ್.ಡಿ.ಗೆ ಅರ್ಜಿ ಹಾಕಲು ಐದು ವಾರ ಉಳಿದಿತ್ತು. ಪ್ರಸ್ತಾವನೆ 1,500 ಪದ ಮೀರುವಂತಿರಲಿಲ್ಲ. ಬ್ಯಾಗಿನಿಂದ ಆರು ಪುಟ ತೆಗೆದು ಕೊಟ್ಟು, "ಮೇಡಂ, ವಿಷಯ ಪೂರ್ತಿ ಸಿಕ್ಕಿಲ್ಲ. ಸಿಕ್ಕಿದ ಹಾಗೆ ಬರೆದಿದೀನಿ" ಅಂದಳು.

ಆ ಕೊನೆಯ ಮಾತೇ ಈ ಪ್ರಕರಣದ ತಿರುಳು. ವಿಷಯ ಪೂರ್ತಿ ಸಿಗದಿದ್ದಾಗ ಹೆಚ್ಚಿನವರು ಸಿಕ್ಕಂತೆ ಬರೆಯುತ್ತಾರೆ, ಓದುವವರಿಗೆ ಅದು ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಆ ಐದು ವಾರದಲ್ಲಿ ಆರು ಪುಟಕ್ಕೆ ಏನೇನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳ ಒಪ್ಪಿಗೆ ಇದೆ. ಊರು, ಸಂಸ್ಥೆ, ಜನರ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಮೊದಲ ಕರಡಿನ ಶೀರ್ಷಿಕೆ: "ಕೋಲಾರ ಜಿಲ್ಲೆಯ ಕೆರೆಗಳು: ಒಂದು ಸಾಮಾಜಿಕ-ಆರ್ಥಿಕ ಅಧ್ಯಯನ". ಮೊದಲ ವಾಕ್ಯ: "ಅನಾದಿ ಕಾಲದಿಂದಲೂ ಕೆರೆಗಳು ಗ್ರಾಮೀಣ ಬದುಕಿನ ಜೀವನಾಡಿಗಳಾಗಿವೆ." ಕೆಳಗೆ ಏಳು ಉದ್ದೇಶಗಳು. ಕೆರೆಗಳ ಇತಿಹಾಸ ಅರಿಯುವುದು, ಈಗಿನ ಸ್ಥಿತಿ ಅರಿಯುವುದು, ನೀರಿನ ಗುಣಮಟ್ಟ ಪರಿಶೀಲಿಸುವುದು, ರೈತರ ಆದಾಯ, ಮಹಿಳೆಯರ ಪಾತ್ರ, ಸರ್ಕಾರಿ ಯೋಜನೆಗಳ ಪರಿಣಾಮ, ಕೊನೆಗೆ ಸೂಕ್ತ ಸಲಹೆ. ವಿಧಾನದ ಭಾಗದಲ್ಲಿ 300 ಜನರಿಗೆ ಪ್ರಶ್ನಾವಳಿ ಎಂದಿತ್ತು. 300 ಯಾಕೆ ಎಂದು ಕೇಳಿದೆ. ಸೀನಿಯರ್ ಒಬ್ಬರ ಪ್ರಬಂಧದಲ್ಲಿ ಅಷ್ಟಿತ್ತಂತೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಕೆಲಸ ಮಾಡುತ್ತಿತ್ತು. ವಿಷಯ ಗಟ್ಟಿಯಿಲ್ಲದಿದ್ದಾಗ ಅಗಲವಾಗಿ ಬರೆದರೆ ಎಲ್ಲ ದಾರಿಯೂ ತೆರೆದಿರುತ್ತದೆ, ಮುಂದೆ ಯಾವುದನ್ನಾದರೂ ಹಿಡಿಯಬಹುದು ಎಂಬ ನಂಬಿಕೆ ಅದು. ಆಯ್ಕೆ ಸಮಿತಿಯವರು ಏಳು ಉದ್ದೇಶ ಓದಿದಾಗ ಅವರಿಗೆ ಏಳು ದಾರಿ ಕಾಣುವುದಿಲ್ಲ. ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದ ಅಭ್ಯರ್ಥಿ ಕಾಣುತ್ತಾಳೆ. ಅವಳಿಗೋ ಬೇಕಾದಷ್ಟು ಗೊತ್ತಿತ್ತು. ಆ ಆರು ಪುಟದಲ್ಲಿ ಅದು ಎಲ್ಲೂ ಇರಲಿಲ್ಲ.

ನಾನು ಪುಟಗಳನ್ನು ಪಕ್ಕಕ್ಕಿಟ್ಟು, "ಊರಲ್ಲಿ ನಿನ್ನ ಕಣ್ಣಿಗೆ ಬಿದ್ದು, ಇದ್ಯಾಕೆ ಹೀಗೆ ಅನ್ನಿಸಿದ್ದು ಒಂದೇ ಒಂದು ಹೇಳಮ್ಮ" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. ಅವಳ ಅಜ್ಜಿ ಊರಿನ ಕೆರೆ ವರ್ಷಗಟ್ಟಲೆ ಒಣಗಿತ್ತು. ಈಗ ತುಂಬಿದೆ, ಬೇಸಿಗೆಯಲ್ಲೂ ನೀರಿದೆ. ಮಳೆ ನೀರಲ್ಲ, ಬೆಂಗಳೂರಿಂದ ಬಂದದ್ದು. ಆದರೆ ತೂಬು ಎತ್ತುವಂತಿಲ್ಲ. ಊರಲ್ಲಿ ಒಬ್ಬ ಮುದುಕ ನೀರಗಂಟಿ ಇದ್ದಾನೆ. ಗದ್ದೆಗೆ ಸರದಿಯ ಮೇಲೆ ನೀರು ಹಾಯಿಸುವುದು ಅವನ ಮನೆತನದ ಕೆಲಸ. ಹಾಯಿಸಲು ಈಗ ನೀರು ಬಿಡುವುದೇ ಇಲ್ಲ. ಆದರೂ ಅವನು ಬೆಳಿಗ್ಗೆ ಏರಿ ಮೇಲೆ ಒಂದು ಸುತ್ತು ಹೋಗಿ ಬರುತ್ತಾನೆ, ಸುಗ್ಗಿಯಲ್ಲಿ ಕೆಲವು ಮನೆಯವರು ಅವನಿಗೆ ಈಗಲೂ ಆಯ ಕೊಡುತ್ತಾರೆ. "ನೀರೇ ಹಂಚದವನಿಗೆ ರಾಗಿ ಯಾಕೆ ಕೊಡ್ತಾರೆ ಮೇಡಂ?"

ಆ ಪ್ರಶ್ನೆ ಆರು ಪುಟದಲ್ಲಿ ಎಲ್ಲೂ ಬಂದಿರಲಿಲ್ಲ. "ಅದು ಸಣ್ಣ ವಿಷಯ ಅಂತ ಬಿಟ್ಟೆ" ಅಂದಳು.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವುದು ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆ. ಜನರ ಬಾಯಲ್ಲಿ ಕೆ.ಸಿ. ವ್ಯಾಲಿ. ದಿನಕ್ಕೆ 440 ದಶಲಕ್ಷ ಲೀಟರ್ ಹರಿಸುವ ಲೆಕ್ಕದಲ್ಲಿ ರೂಪಿಸಿದ್ದು. 2018ರಲ್ಲಿ ನೀರು ಮೊದಲು ಬಂದದ್ದು ಲಕ್ಷ್ಮೀಸಾಗರ ಕೆರೆಗೆ. ಅಲ್ಲಿಂದ ಒಂದು ತುಂಬಿ ಕೋಡಿ ಹರಿದು ಇನ್ನೊಂದಕ್ಕೆ ಹೋಗುತ್ತದೆ. ಉದ್ದೇಶ ಅಂತರ್ಜಲ ಮರುಪೂರಣ. ಕೆರೆಯಿಂದ ನೇರವಾಗಿ ಗದ್ದೆಗೆ ನೀರು ಬಿಡುವಂತಿಲ್ಲ, ಮೋಟಾರು ಇಟ್ಟು ಎತ್ತುವಂತಿಲ್ಲ. ಅಂದರೆ ಕೆರೆ ತುಂಬಿದೆ, ಆದರೆ ಅಚ್ಚುಕಟ್ಟಿನವನಿಗೆ ಅದು ತಲುಪುವ ದಾರಿ ಬದಲಾಗಿದೆ. ಮೊದಲು ತೂಬಿನಿಂದ ಕಾಲುವೆಗೆ, ಅಲ್ಲಿಂದ ಸರದಿಯ ಪ್ರಕಾರ ಗದ್ದೆಗೆ. ಈಗ ನೆಲದೊಳಗೆ ಇಳಿದು, ಕೊಳವೆಬಾವಿ ಇದ್ದವನ ಹೊಲಕ್ಕೆ.

ಕಂಡದ್ದು, ಕೇಳಿದ್ದು, ಊಹಿಸಿದ್ದು

ಮೊದಲ ವಾರ ಬರೆಯುವ ಕೆಲಸವನ್ನೇ ಮಾಡಲಿಲ್ಲ. ಒಂದು ದೊಡ್ಡ ಹಾಳೆಯಲ್ಲಿ ಮೂರು ಕಾಲಂ ಎಳೆದು, ಕೆರೆಯ ಬಗ್ಗೆ ತನಗೆ ಗೊತ್ತು ಎಂದುಕೊಂಡದ್ದನ್ನೆಲ್ಲ ಒಂದೊಂದು ವಾಕ್ಯವಾಗಿ ಬರೆಯಲು ಹೇಳಿದೆ. ತಾನೇ ಕಂಡದ್ದು ಒಂದರಲ್ಲಿ, ಯಾರೋ ಹೇಳಿದ್ದು ಇನ್ನೊಂದರಲ್ಲಿ, ಊಹೆ ಮೂರನೆಯದರಲ್ಲಿ.

ಸುಮಾರು ನಲವತ್ತು ವಾಕ್ಯ ಬಂದವು. ಅದನ್ನು ಕೂತು ಓದಿದಾಗ ಅವಳಿಗೇ ಗಾಬರಿಯಾಯಿತು. "ಮರುಪೂರಣದ ಲಾಭವೆಲ್ಲ ದೊಡ್ಡ ರೈತರಿಗೆ ಹೋಗುತ್ತಿದೆ" ಎಂಬುದನ್ನು ಅವಳು ಕರಡಿನಲ್ಲಿ ನಿಜವೆಂದೇ ಬರೆದಿದ್ದಳು. ಈಗ ಅದು ಊಹೆಯ ಕಾಲಂಗೆ ಹೋಯಿತು. "ನೀರಗಂಟಿ ಪದ್ಧತಿ ನಶಿಸಿದೆ" ಎಂಬುದೂ ಅಲ್ಲಿಗೇ ಹೋಯಿತು. ತನ್ನ ಕಣ್ಣೆದುರೇ ಒಬ್ಬ ನೀರಗಂಟಿ ಆಯ ಪಡೆಯುತ್ತಿದ್ದರೂ, ಓದಿದ ಲೇಖನಗಳಲ್ಲಿ ಹಾಗಿತ್ತೆಂದು ಹಾಗೆ ಬರೆದಿದ್ದಳು. ಕಂಡದ್ದರ ಕಾಲಂನಲ್ಲಿ ಇದ್ದವು ಹನ್ನೊಂದೇ ವಾಕ್ಯ. ಎಲ್ಲವೂ ಎರಡು ಊರಿನವು, ಎಲ್ಲವೂ ನೀರು ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಎಂಬುದರ ಸುತ್ತ. ಮಹಿಳೆಯರ ಪಾತ್ರ, ಆದಾಯ, ಗುಣಮಟ್ಟ, ಇವುಗಳ ಬಗ್ಗೆ ಆ ಕಾಲಂನಲ್ಲಿ ಒಂದು ಸಾಲೂ ಇರಲಿಲ್ಲ.

ಆ ಹನ್ನೊಂದು ವಾಕ್ಯಗಳೇ ವಿಷಯದ ಮೂಡಿದ ಭಾಗ. ಏಳು ಉದ್ದೇಶಗಳಲ್ಲಿ ಐದು ಅಲ್ಲೇ ಬಿದ್ದುಹೋದವು. ನೀರಿನ ಗುಣಮಟ್ಟ ಬಿಡಲು ಅವಳಿಗೆ ಸಂಕಟವಾಯಿತು, ಊರಲ್ಲಿ ಎಲ್ಲರ ಭಯವೂ ಅದೇ ಆಗಿತ್ತು. ಆದರೆ ಭಾರಲೋಹ ಅಳೆಯಲು ಪ್ರಯೋಗಾಲಯ ಬೇಕು, ಆ ತರಬೇತಿ ಬೇಕು. ಜನ ನೀರಿನ ಬಗ್ಗೆ ಏನು ಭಯಪಡುತ್ತಾರೆ ಎಂಬುದನ್ನು ಸಮಾಜಶಾಸ್ತ್ರದವಳು ಕೇಳಬಹುದು, ನೀರಿನಲ್ಲಿ ಏನಿದೆ ಎಂಬುದನ್ನು ಹೇಳಲಾಗದು. ಪ್ರಸ್ತಾವನೆ ಓದುವವರು ಈ ಗೆರೆಯನ್ನು ಬಹಳ ಬೇಗ ಗುರುತಿಸುತ್ತಾರೆ.

ಎರಡನೇ ವಾರ ಪ್ರಶ್ನೆಗೆ ಕೈ ಹಾಕಿದೆವು. ಇಲ್ಲಿ ನಿಜವಾದ ತೊಡಕು ಎದುರಾಯಿತು, ಯಾಕೆಂದರೆ ಆ ಹನ್ನೊಂದು ವಾಕ್ಯ ಎರಡು ಕಡೆ ಎಳೆಯುತ್ತಿದ್ದವು. ಒಂದು ಎಳೆ ನೀರಗಂಟಿಯದು. ಆ ಕಡೆ ಈ ಕೆಲಸ ಮಾಡುವವರು ಬಹುಮಟ್ಟಿಗೆ ದಲಿತ ಮನೆತನದವರು. ಊರಿನ ನೀರಿನ ಹಂಚಿಕೆ ಅವರ ಕೈಯಲ್ಲಿತ್ತು, ಆದರೆ ಹಂಚಿಕೆಯ ನಿಯಮ ಮಾಡುವ ಅಧಿಕಾರ ಅವರದಾಗಿರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು, ಆ ಹುದ್ದೆಗಳ ಇನಾಂ ಜಮೀನಿನ ಮರುಮಂಜೂರಾತಿಗೆ ಅವಕಾಶ ಕೊಟ್ಟಿತು. ಕಾಗದದಲ್ಲಿ ಹುದ್ದೆ ಹೋದ ಮೇಲೂ ಊರಲ್ಲಿ ಕೆಲಸ ಉಳಿಯಿತು. ಈಗ ಕೆಲಸವೂ ಹೋದ ಮೇಲೆ ಆಯ ಉಳಿದಿದೆ. ಇದು ಒಂದು ಪೂರ್ಣ ಪ್ರಬಂಧಕ್ಕೆ ಸಾಕಾಗುವ ವಿಷಯ.

ಇನ್ನೊಂದು ಎಳೆ ಕೊಳವೆಬಾವಿಯದು. ಕಾಲುವೆಯ ನೀರಿಗೆ ಸರದಿ ಇತ್ತು, ಹಂಚಿಕೆ ಇತ್ತು, ಜಗಳವೂ ಎಲ್ಲರೆದುರು ಆಗುತ್ತಿತ್ತು. ನೆಲದೊಳಗಿನ ನೀರಿಗೆ ಸರದಿ ಇಲ್ಲ. ಕೊರೆಸುವ ದುಡ್ಡು ಯಾರ ಹತ್ತಿರ ಇದೆಯೋ ಅವನದು. ಊರ ಕೆರೆಯ ನೀರು ಹೀಗೆ ಮನೆಮನೆಯ ಆಸ್ತಿಯಾಗುತ್ತಿದೆಯೇ ಎಂಬುದು ಇನ್ನೊಂದು ಪ್ರಬಂಧ.

ಅವಳಿಗೆ ಎರಡೂ ಬೇಕಿತ್ತು, ಯಾವುದನ್ನು ಹಿಡಿಯಬೇಕೆಂದು ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಹೇಳುವಷ್ಟು ನಮ್ಮಿಬ್ಬರ ಹತ್ತಿರವೂ ಮಾಹಿತಿ ಇರಲಿಲ್ಲ. ಇಂಥ ಹೊತ್ತಿನಲ್ಲಿ ನಾಣ್ಯ ಚಿಮ್ಮಿದ ಹಾಗೆ ಒಂದನ್ನು ಆರಿಸಿ ಖಚಿತ ದನಿಯಲ್ಲಿ ಬರೆದುಬಿಡುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ, ಯಾಕೆಂದರೆ ಸಂದರ್ಶನದಲ್ಲಿ "ಇದೇ ಯಾಕೆ?" ಎಂಬ ಮೊದಲ ಪ್ರಶ್ನೆಗೇ ಉತ್ತರ ಇರುವುದಿಲ್ಲ. ನಾವು ಬೇರೆ ದಾರಿ ನೋಡಿದೆವು. ಯಾವ ಎಳೆ ಹಿಡಿದರೂ ಮೊದಲು ಉತ್ತರಿಸಲೇಬೇಕಾದ ಪ್ರಶ್ನೆ ಯಾವುದು ಎಂದು ಹುಡುಕಿದೆವು. ಮೂರು ದಿನ, ಫೋನಿನಲ್ಲಿ ಏಳೆಂಟು ಸಲ ಬರೆದು ಹೊಡೆದು, ಕೊನೆಗೆ ಉಳಿದದ್ದು ಇದು:

"ಕೆರೆಗೆ ವರ್ಷವಿಡೀ ನೀರು ಬಂದು, ತೂಬು ಮಾತ್ರ ಮುಚ್ಚಿಯೇ ಇರುವ ಊರುಗಳಲ್ಲಿ, ಆ ನೀರನ್ನು ಯಾರು, ಯಾವಾಗ, ಎಷ್ಟು ಬಳಸಬಹುದೆಂಬ ತೀರ್ಮಾನ ಈಗ ಯಾರ ಕೈಯಲ್ಲಿದೆ?"

ಪ್ರಶ್ನೆ ಪ್ರಶ್ನೆಯೇ ಹೌದೋ ಎಂದು ನೋಡಲು ನಾನು ಒಂದು ಪರೀಕ್ಷೆ ಮಾಡುತ್ತೇನೆ. ಬೇರೆ ಬೇರೆ ಉತ್ತರ ಬರೆದು ನೋಡುವುದು, ಅವೆಲ್ಲ ನಂಬುವಂತಿವೆಯೇ ಎಂದು ಕೇಳುವುದು. "ಕೆರೆಗಳಿಂದ ರೈತರಿಗೆ ಅನುಕೂಲವಿದೆಯೇ?" ಎಂಬುದಕ್ಕೆ ಒಂದೇ ಉತ್ತರ, ಅದೂ ಹೊರಡುವ ಮೊದಲೇ ಗೊತ್ತು. ಈ ಹೊಸ ಪ್ರಶ್ನೆಗೆ ಪಂಚಾಯಿತಿ ಎನ್ನಬಹುದು, ಇಲಾಖೆ ಎನ್ನಬಹುದು, ಕೊಳವೆಬಾವಿಯವರು ಎನ್ನಬಹುದು, ಈಗಲೂ ನೀರಗಂಟಿಯೇ ಎನ್ನಬಹುದು, ಯಾರೂ ಅಲ್ಲ ಎಂದೂ ಆಗಬಹುದು. ಯಾವುದು ಬಂದರೂ ಹೇಳಲು ವಿಷಯವಿದೆ.

ಒಂದು ಭಾನುವಾರ

ಮೂರನೇ ವಾರ ಅವಳು ಎರಡು ಊರಿಗೆ ತಲಾ ಒಂದು ದಿನ ಹೋಗಿಬಂದಳು. ಬಸ್ಸಿನ ಖರ್ಚು ಬಿಟ್ಟರೆ ಬೇರೆ ಏನೂ ಇಲ್ಲದ ಕೆಲಸ. ಪ್ರಸ್ತಾವನೆಗೆ ಮುಂಚೆ ಕ್ಷೇತ್ರಕ್ಕೆ ಹೋಗುವ ರೂಢಿ ನಮ್ಮಲ್ಲಿ ಕಡಿಮೆ. ಅರ್ಜಿ ಒಪ್ಪಿಗೆಯಾದ ಮೇಲೆ ಹೋದರಾಯಿತು ಎನ್ನುತ್ತಾರೆ. ಅರ್ಧ ಮೂಡಿದ ವಿಷಯಕ್ಕೆ ಮಾತ್ರ ಆ ಒಂದು ದಿನ ಹತ್ತು ಪುಸ್ತಕದಷ್ಟು ಕೊಡುತ್ತದೆ.

ಅಜ್ಜಿ ಊರಿನಲ್ಲಿ ನೀರಗಂಟಿ ತಾತನ ಜೊತೆ ಏರಿ ಮೇಲೆ ನಡೆದಳು. "ತಾತ, ತೂಬು ಎತ್ತೋ ಕೆಲಸ ಇಲ್ಲ ಅಲ್ವಾ, ಮತ್ಯಾಕೆ ದಿನಾ ಬರ್ತೀಯ?" ಎಂದು ಕೇಳಿದ್ದಾಳೆ. ತಾತ ಕೆರೆಯಂಚಿನ ಪೊದೆ ತೋರಿಸಿ, "ಅಲ್ಲಿ ಪೈಪು ಇಡ್ತಾರೆ ಕಣಮ್ಮ, ರಾತ್ರಿ. ನೋಡ್ಕೊಂಡು ಬಂದು ಹೇಳ್ಬೇಕು" ಅಂದನಂತೆ. ಯಾರಿಗೆ ಹೇಳಬೇಕು ಎಂದರೆ ಊರಿನ ಇಬ್ಬರು ಯಜಮಾನರ ಮನೆ ಹೇಳಿದ. ಅವರಿಬ್ಬರಿಗೂ ಕೆರೆಯ ಕೆಳಗೆ ಕೊಳವೆಬಾವಿಗಳಿವೆ. ಕೆರೆಯಲ್ಲಿ ನೀರು ನಿಂತಷ್ಟು ದಿನ ಅವರ ಬಾವಿಯಲ್ಲೂ ನೀರು ನಿಲ್ಲುತ್ತದೆ. ಆಯ ಕೊಡುವ ಮನೆಗಳಲ್ಲಿ ಅವರ ಮನೆಗಳೂ ಇವೆ.

ಸಂಜೆ ಬಸ್ ಸ್ಟ್ಯಾಂಡಿನಿಂದಲೇ ಫೋನ್ ಮಾಡಿದಳು. ದನಿಯಲ್ಲಿದ್ದ ಸಂಭ್ರಮ ನನಗೆ ಈಗಲೂ ನೆನಪಿದೆ. ನೀರು ಹಂಚುವವನು ನೀರು ಕಾಯುವವನಾಗಿದ್ದಾನೆ, ಯಾರ ಪರವಾಗಿ ಕಾಯುತ್ತಾನೆ ಎಂಬುದೇ ಪ್ರಶ್ನೆ. ಎರಡು ಬೇರೆ ಬೇರೆ ವಿಷಯ ಎಂದುಕೊಂಡಿದ್ದ ಎಳೆಗಳು ಒಂದೇ ಊರಿನ ಒಂದೇ ಏರಿಯ ಮೇಲೆ ಹೀಗೆ ಸೇರಿದ್ದವು.

ಇದು ಒಂದು ಊರಿನ ಒಂದು ದಿನದ ಮಾತು. ಎರಡನೇ ಊರಿನಲ್ಲಿ ಹಾಗಿರಲಿಲ್ಲ. ಅಲ್ಲಿ ನೀರಗಂಟಿ ಮನೆಯ ಮಗ ನರಸಾಪುರದ ಕಡೆ ಕಾರ್ಖಾನೆ ಕೆಲಸಕ್ಕೆ ಹೋಗುತ್ತಾನೆ, ಕೆರೆಯ ಬಗ್ಗೆ ಕೇಳಿದರೆ ಪಂಚಾಯಿತಿ ಕಡೆ ಕೈ ತೋರಿಸಿದ. ಆದ್ದರಿಂದ ತಾತನ ಮಾತನ್ನು ಕಂಡುಕೊಂಡ ಸತ್ಯದಂತೆ ಬರೆಯಬಾರದು, ಪ್ರಶ್ನೆ ಹುಟ್ಟಿದ ಜಾಗವೆಂದು ಬರೆಯಬೇಕು ಎಂದು ನಿರ್ಧರಿಸಿದೆವು. ಇನ್ನೊಂದು ಎಚ್ಚರವೂ ಬೇಕಿತ್ತು. ರಾತ್ರಿ ಪೈಪು ಇಡುವುದು ಕಾನೂನಿಗೆ ವಿರುದ್ಧ. ಯಾರು ಇಡುತ್ತಾರೆ ಎಂದು ಬರೆದರೆ ಅವರಿಗೂ ತೊಂದರೆ, ಹೇಳಿದ ತಾತನಿಗೂ ತೊಂದರೆ. ಊರಿನ ಹೆಸರು ಬರೆಯುವುದಿಲ್ಲ, ಈ ವಿಷಯದ ಮಾತು ರೆಕಾರ್ಡ್ ಮಾಡುವುದಿಲ್ಲ, ಟಿಪ್ಪಣಿಯಲ್ಲಿ ಹೆಸರಿನ ಬದಲು ಸಂಕೇತ ಇಡಲಾಗುವುದು ಎಂಬ ಮೂರು ಸಾಲು ವಿಧಾನದ ಭಾಗಕ್ಕೆ ಸೇರಿತು. ಮುಂದೆ ಸಂದರ್ಶನದಲ್ಲಿ ಒಬ್ಬರು ಮೆಚ್ಚಿ ಕೇಳಿದ್ದು ಈ ಮೂರು ಸಾಲಿನ ಬಗ್ಗೆಯೇ.

ಹಿಂದಿನ ಅಧ್ಯಯನಗಳ ಭಾಗಕ್ಕೆ ಅವಳು ಪಿಎಚ್.ಡಿ. ಪ್ರಬಂಧಗಳ ಜಾಲತಾಣವಾದ ಶೋಧಗಂಗಾದಲ್ಲಿ ಕೆರೆಗಳ ಬಗ್ಗೆ ಸಿಕ್ಕ ಪ್ರಬಂಧಗಳಲ್ಲಿ ಹನ್ನೆರಡನ್ನು ಆರಿಸಿ ಮೊದಲ ಮತ್ತು ಕೊನೆಯ ಅಧ್ಯಾಯ ಓದಿದಳು. ಮೊದಲ ಕರಡಿನಲ್ಲಿ "ಇಂಥ ತಾಲ್ಲೂಕಿನ ಬಗ್ಗೆ ಈವರೆಗೆ ಅಧ್ಯಯನ ನಡೆದಿಲ್ಲ" ಎಂಬುದೇ ಕೊರತೆಯೆಂದು ತೋರಿಸಿದ್ದಳು. ಈ ವಾದ ನಮ್ಮ ಸಿನಾಪ್ಸಿಸ್‌ಗಳಲ್ಲಿ ಎಷ್ಟು ಸಾಮಾನ್ಯವೋ ಅಷ್ಟೇ ದುರ್ಬಲ. ಪಕ್ಕದ ತಾಲ್ಲೂಕಿನ ಉತ್ತರವೇ ಇಲ್ಲೂ ಬರುವುದಾದರೆ ಹೊಸದಾಗಿ ಹೋಗುವುದು ಯಾಕೆ? ಬದಲಿಗೆ ಹಿಂದಿನವರು ಯಾವ ಸ್ಥಿತಿಯನ್ನು ನೋಡಿ ಮಾತಾಡಿದರು ಎಂದು ಕೇಳಿಕೊಂಡೆವು. ಎಲಿನರ್ ಆಸ್ಟ್ರಮ್ 1990ರ ತಮ್ಮ ಗ್ರಂಥದಲ್ಲಿ ಊರವರೇ ನಿಯಮ ಮಾಡಿಕೊಂಡು ಸಾಮೂಹಿಕ ಸಂಪತ್ತನ್ನು ಕಾಯ್ದುಕೊಳ್ಳಬಲ್ಲರು ಎಂದು ತೋರಿಸಿದರು. ಡೇವಿಡ್ ಮಾಸ್ 2003ರಲ್ಲಿ ತಮಿಳುನಾಡಿನ ಕೆರೆಗಳನ್ನು ಇಟ್ಟುಕೊಂಡು, ಆ ನಿಯಮಗಳ ಹಿಂದೆ ಜಾತಿ ಮತ್ತು ಸ್ಥಳೀಯ ಅಧಿಕಾರ ಹೇಗೆ ಹೆಣೆದುಕೊಂಡಿದೆ ಎಂದು ತೋರಿಸಿದರು. ಅವಳು ಓದಿದ್ದೆಲ್ಲ ಮಳೆ ನೀರಿನ ಕೆರೆಗಳ ಬಗ್ಗೆ, ಕೊರತೆಯ ಕಾಲದ ಹಂಚಿಕೆಯ ಬಗ್ಗೆ. ಅವಳ ಊರಿನಲ್ಲಿ ನೀರಿದೆ, ಹಂಚಿಕೆ ನಿಂತಿದೆ. ಹಂಚಿಕೆಗಾಗಿ ಹುಟ್ಟಿದ ವ್ಯವಸ್ಥೆ ಹಂಚಿಕೆ ನಿಂತ ಮೇಲೆ ಏನಾಗುತ್ತದೆ ಎಂಬುದಕ್ಕೆ ಆ ಓದಿನಲ್ಲಿ ಉತ್ತರ ಸಿಗಲಿಲ್ಲ. ಹಿಂದಿನ ಅಧ್ಯಯನಗಳಲ್ಲಿ ಅವಳು ತೋರಿಸಬೇಕಾಗಿದ್ದ ಕೊರತೆ ಅದು. ಇಷ್ಟನ್ನು ಹೇಳಲು 350 ಪದ ಸಾಕಾಯಿತು, ಹನ್ನೆರಡು ಪ್ರಬಂಧಗಳ ಸಾರಾಂಶ ಬೇಕಾಗಲಿಲ್ಲ.

ತೀರ್ಮಾನವಾಗದ ಭಾಗವನ್ನು ಬರೆದದ್ದು

ನಾಲ್ಕನೇ ವಾರದ ಹೊತ್ತಿಗೆ ಪ್ರಶ್ನೆ ಗಟ್ಟಿಯಾಗಿತ್ತು, ಆದರೆ ಮುಖ್ಯವಾಗಿ ಯಾರ ಹಿಂದೆ ಹೋಗಬೇಕು ಎಂಬುದು ಹಾಗೇ ಇತ್ತು. ನೀರಗಂಟಿ ಮನೆತನದ ಹಿಂದೆಯೇ, ಕೊಳವೆಬಾವಿಯ ಒಡೆತನದ ಹಿಂದೆಯೇ? ವಿಧಾನ ಎರಡಕ್ಕೂ ಬೇರೆ. ಮೊದಲನೆಯದಕ್ಕೆ ಮನೆತನಗಳ ಜೊತೆ ದೀರ್ಘ ಮಾತುಕತೆ, ತಾಲ್ಲೂಕು ಕಚೇರಿಯಲ್ಲಿ ಇನಾಂ ದಾಖಲೆ. ಎರಡನೆಯದಕ್ಕೆ ಮನೆ ಸಮೀಕ್ಷೆ, ಬಾವಿಗಳ ನಕ್ಷೆ, ಅಂತರ್ಜಲ ಇಲಾಖೆಯ ವೀಕ್ಷಣಾ ಬಾವಿಗಳ ಅಂಕಿ.

ಇದನ್ನು ಮರೆಮಾಡುವುದು ಬೇಡ, ಬರೆದೇ ಬಿಡೋಣ ಅಂದೆ. ಅವಳು ಹೆದರಿದಳು. "ಗೊತ್ತಿಲ್ಲ ಅಂತ ಬರೆದರೆ ತಗೊಳ್ತಾರಾ ಮೇಡಂ?" ಗೊತ್ತಿಲ್ಲ ಎಂದಷ್ಟೇ ಬರೆದರೆ ತೆಗೆದುಕೊಳ್ಳುವುದಿಲ್ಲ. ಏನು ಗೊತ್ತಿಲ್ಲ, ಯಾವಾಗ ಗೊತ್ತಾಗುತ್ತದೆ, ಏನು ಕಂಡರೆ ಯಾವ ಕಡೆ ತಿರುಗುತ್ತೇನೆ ಎಂದು ಬರೆದರೆ ಅದೇ ಸಂಶೋಧನೆಯ ಮೊದಲ ಹಂತ. ಯುಜಿಸಿಯ 2022ರ ನಿಯಮಾವಳಿಯೂ ಇದಕ್ಕೆ ಜಾಗ ಇಟ್ಟಿದೆ. ಪ್ರವೇಶ ಸಿಕ್ಕ ಮೇಲೆ ಸಂಶೋಧನಾ ಸಲಹಾ ಸಮಿತಿ ಪ್ರಸ್ತಾವನೆಯನ್ನು ಪರಿಶೀಲಿಸಿ ವಿಷಯವನ್ನು ಅಂತಿಮಗೊಳಿಸುತ್ತದೆ ಎಂದು ಅದರಲ್ಲೇ ಇದೆ. ಅರ್ಜಿಯ ಹೊತ್ತಿನಲ್ಲಿ ವಿಷಯ ಮುಚ್ಚಿಹೋಗಿರಬೇಕೆಂದು ಆ ನಿಯಮ ಕೇಳುವುದಿಲ್ಲ.

ಐದಾರು ಸಲ ತಿದ್ದಿದ ಮೇಲೆ ಆ ಪ್ಯಾರಾ ಹೀಗೆ ನಿಂತಿತು:

"ಈ ಅಧ್ಯಯನದ ಒಂದು ಅಂಶ ಇನ್ನೂ ತೀರ್ಮಾನವಾಗಿಲ್ಲ. ನೀರಿನ ಮೇಲಿನ ಅಧಿಕಾರ ಬದಲಾದದ್ದನ್ನು ನೀರಗಂಟಿ ಮನೆತನಗಳ ಕೆಲಸದ ಮೂಲಕ ನೋಡಬೇಕೇ, ಕೊಳವೆಬಾವಿಯ ಒಡೆತನದ ಮೂಲಕ ನೋಡಬೇಕೇ ಎಂಬುದನ್ನು ಎರಡು ದಿನದ ಭೇಟಿಯ ಆಧಾರದ ಮೇಲೆ ಹೇಳಲಾಗದು. ಕೋರ್ಸ್‌ವರ್ಕ್ ಅವಧಿಯ ರಜೆಗಳಲ್ಲಿ ಮೂರು ಊರುಗಳಲ್ಲಿ ತಲಾ ಹತ್ತು ದಿನ ಇರುತ್ತೇನೆ. ಅದರಲ್ಲಿ ಒಂದು ಭೇಟಿ ರಾಗಿ ಸುಗ್ಗಿಯ ಹೊತ್ತಿಗೆ ಬರುವಂತೆ ನೋಡಿಕೊಳ್ಳುತ್ತೇನೆ, ಆಯ ಕೊಡುವುದು ಆಗ ಮಾತ್ರ ಕಾಣುತ್ತದೆ. ಮೂರರಲ್ಲಿ ಎರಡು ಊರುಗಳಲ್ಲಾದರೂ ನೀರಗಂಟಿಗೆ ಊರು ಒಪ್ಪಿದ ಯಾವುದಾದರೂ ಕೆಲಸ ಉಳಿದಿದ್ದರೆ ಮೊದಲ ದಾರಿ ಹಿಡಿಯುತ್ತೇನೆ. ಇಲ್ಲದಿದ್ದರೆ ಎರಡನೆಯದು. ಮುಖ್ಯ ಪ್ರಶ್ನೆ ಎರಡರಲ್ಲೂ ಒಂದೇ."

150 ಪದದೊಳಗಿನ ಈ ಪ್ಯಾರಾಕ್ಕೆ ಹಿಡಿದ ಸಮಯ ಉಳಿದೆಲ್ಲ ಭಾಗಗಳಿಗಿಂತ ಹೆಚ್ಚು. "ಊರು ಒಪ್ಪಿದ ಕೆಲಸ" ಎಂದರೇನು ಎಂಬುದರ ಮೇಲೆಯೇ ಒಂದು ಸಂಜೆ ಹೋಯಿತು. ಆಯ ಕೊಡುವುದು ಸಾಕೇ? ಹಬ್ಬದಲ್ಲಿ ಕೆರೆ ಪೂಜೆಗೆ ಕರೆಯುವುದು ಸಾಕೇ? ಪೂಜೆಗೆ ಕರೆದರೆ ಮರ್ಯಾದೆ ಉಳಿದಿದೆ ಎಂದಾಗುತ್ತದೆ, ಕೆಲಸ ಉಳಿದಿದೆ ಎಂದಾಗುವುದಿಲ್ಲ. ಕೊನೆಗೆ ಎರಡು ಗುರುತು ಇಟ್ಟುಕೊಂಡಳು. ದುಡ್ಡಲ್ಲೋ ಕಾಳಲ್ಲೋ ಯಾರಾದರೂ ಕೊಡುತ್ತಿರಬೇಕು, ಆತ ಕೆಲಸ ಬಿಟ್ಟರೆ ಯಾರಾದರೂ ಬಂದು ಕೇಳುವಂತಿರಬೇಕು.

ಊರುಗಳ ಆಯ್ಕೆಯಲ್ಲೂ ಇದೇ ಕ್ರಮ. ಹೆಸರು ಹೇಳಲು ಆಗಲಿಲ್ಲ, ಆದ್ದರಿಂದ ಆರಿಸುವ ಲೆಕ್ಕ ಹೇಳಿದಳು. ಯೋಜನೆಯ ನೀರು ಬಂದು ನೀರಗಂಟಿ ಇನ್ನೂ ಇರುವ ಊರು ಒಂದು, ನೀರು ಬಂದು ನೀರಗಂಟಿ ಕೆಲಸ ಬಿಟ್ಟಂತೆ ಕಾಣುವ ಊರು ಒಂದು, ಯೋಜನೆಯ ನೀರೇ ಬಾರದೆ ಮಳೆಯನ್ನೇ ನಂಬಿದ ಊರು ಒಂದು. ಮೂರನೆಯದು ಇಲ್ಲದಿದ್ದರೆ, ಕಂಡ ಬದಲಾವಣೆ ಹೊಸ ನೀರಿನಿಂದಾದದ್ದೋ, ಹೇಗಿದ್ದರೂ ಆಗುತ್ತಿತ್ತೋ ತಿಳಿಯುವುದಿಲ್ಲ. 300 ಜನರ ಪ್ರಶ್ನಾವಳಿ ಹೋಯಿತು. ಮೂರು ಊರಿನ ಅಚ್ಚುಕಟ್ಟಿನ ಎಲ್ಲ ಮನೆಗಳ ಸರಳ ಪಟ್ಟಿ ಬಂತು.

ಶೀರ್ಷಿಕೆಯಲ್ಲಿ ಒಂದು ಜಾಣತನ ಬೇಕಾಗುತ್ತದೆ. ನೋಂದಣಿಯಾದ ಮೇಲೆ ಶೀರ್ಷಿಕೆ ಬದಲಿಸಲು ಅನೇಕ ವಿಶ್ವವಿದ್ಯಾಲಯಗಳಲ್ಲಿ ಅರ್ಜಿ, ಅನುಮತಿ, ಅಲೆದಾಟ. "ನೀರಗಂಟಿ" ಎಂದಾಗಲಿ "ಕೊಳವೆಬಾವಿ" ಎಂದಾಗಲಿ ಹಾಕದೆ, ಎರಡು ದಾರಿಗೂ ಹೊಂದುವಂತೆ "ತೂಬು ಮುಚ್ಚಿದ ಮೇಲೆ: ಕೋಲಾರದ ಮರುಪೂರಣ ಕೆರೆಗಳಲ್ಲಿ ನೀರಿನ ಮೇಲಿನ ಅಧಿಕಾರ" ಎಂದಿಟ್ಟಳು. ಹಳೆಯ ಶೀರ್ಷಿಕೆಯಷ್ಟು ಅಗಲವಿಲ್ಲ, ಕೈ ಕಟ್ಟಿಹಾಕುವಷ್ಟು ಇಕ್ಕಟ್ಟೂ ಇಲ್ಲ.

ಮೊದಲ ವಾಕ್ಯದಿಂದ "ಅನಾದಿ ಕಾಲ" ಹೋಗಿ, ಆ ಜಾಗಕ್ಕೆ ಇದು ಬಂತು: "ಕೋಲಾರ ಜಿಲ್ಲೆಯ ಒಂದು ಊರಿನಲ್ಲಿ ತೂಬು ಎತ್ತದೆ ವರ್ಷಗಳಾದವು, ಆದರೆ ನೀರಗಂಟಿಗೆ ಕೆಲವು ಮನೆಗಳು ಇಂದಿಗೂ ಸುಗ್ಗಿಯಲ್ಲಿ ಆಯ ಕೊಡುತ್ತವೆ."

ಎರಡು ಕಡೆ ಅರ್ಜಿ ಹಾಕಿದಳು. ಒಂದು ಕಡೆ ಸಂದರ್ಶನದಲ್ಲೇ ಮುಗಿಯಿತು. ಊಹಾಪ್ರಮೇಯ ಎಲ್ಲಿ ಎಂದು ಕೇಳಿದರಂತೆ, ಎರಡು ದಾರಿ ಇಟ್ಟುಕೊಂಡು ಬಂದದ್ದನ್ನು ಸಿದ್ಧತೆಯ ಕೊರತೆ ಎಂದರಂತೆ. ಹೀಗೂ ಆಗುತ್ತದೆ ಎಂಬುದನ್ನು ಬರೆಯದೆ ಬಿಡುವುದು ಸರಿಯಲ್ಲ. ಸಮೀಕ್ಷೆಯನ್ನೇ ಮುಖ್ಯವೆಂದು ನಂಬುವ ವಿಭಾಗಗಳಲ್ಲಿ ಇಂಥ ಪ್ಯಾರಾ ನಷ್ಟ ಮಾಡಬಹುದು. ಅಲ್ಲಿಗೆ ಹಾಕುವ ಮೊದಲು ಆ ವಿಭಾಗದಿಂದ ಇತ್ತೀಚೆಗೆ ಬಂದ ಪ್ರಬಂಧಗಳನ್ನು ನೋಡಬೇಕಿತ್ತು, ನಾವು ನೋಡಲಿಲ್ಲ. ನನ್ನ ತಪ್ಪೂ ಅದರಲ್ಲಿದೆ.

ಎರಡನೇ ಕಡೆ ಅದೇ ಪ್ಯಾರಾ ಇಟ್ಟುಕೊಂಡು ಇಪ್ಪತ್ತು ನಿಮಿಷ ಮಾತಾಡಿಸಿದರು. "ಮೂರೂ ಊರಲ್ಲಿ ನೀರಗಂಟಿ ಇಲ್ಲದಿದ್ದರೆ?" ಎಂದು ಒಬ್ಬರು ಕೇಳಿದರು. ಎರಡನೇ ದಾರಿಗೆ ಬೇಕಾದ ಮಾಹಿತಿ ಎಲ್ಲಿ ಸಿಗುತ್ತದೆ, ಎಷ್ಟು ತಿಂಗಳು ಬೇಕು ಎಂದು ಅವಳು ಹೇಳಿದಳು. ಅದು ಪ್ರಸ್ತಾವನೆಯಲ್ಲೇ ಇತ್ತು. ಆಯ್ಕೆಯಾದಳು. ಆಗಸ್ಟ್‌ನಲ್ಲಿ ಸೇರಿ, ದಸರೆಯಲ್ಲಿ ಒಂದು ಊರು, ಡಿಸೆಂಬರ್ ಸುಗ್ಗಿಯಲ್ಲಿ ಅಜ್ಜಿ ಊರು, ಸಂಕ್ರಾಂತಿ ರಜೆಯಲ್ಲಿ ಮಳೆ ಕೆರೆಯ ಊರು ಮುಗಿಸಿದಳು.

ಸಲಹಾ ಸಮಿತಿಯ ಮುಂದೆ ಅವಳು ಇಟ್ಟ ಲೆಕ್ಕ ಹೀಗಿತ್ತು. ಅಜ್ಜಿ ಊರಿನಲ್ಲಿ ಎರಡು ಗುರುತೂ ಇವೆ. ಮಳೆ ಕೆರೆಯ ಊರಿನಲ್ಲೂ ಇವೆ, ಅಲ್ಲಿ ಅವನು ಈಗಲೂ ತೂಬು ಎತ್ತುತ್ತಾನೆ. ಕಾರ್ಖಾನೆಗೆ ಹೋಗುವವನ ಊರಿನಲ್ಲಿ ಎರಡೂ ಇಲ್ಲ, ಅಲ್ಲಿ ಕೆರೆ ಕಾಯುವ ಕೆಲಸವನ್ನು ಕೊಳವೆಬಾವಿಯವರೇ ಪಾಳಿ ಮಾಡಿಕೊಂಡಿದ್ದಾರೆ. ಮೂರರಲ್ಲಿ ಎರಡಾಯಿತು, ಮೊದಲ ದಾರಿ ಎಂದು ಸಮಿತಿ ಬರೆದುಕೊಂಡಿತು. ಕೊಳವೆಬಾವಿಯದು ಒಂದು ಅಧ್ಯಾಯವಾಗಿ ಉಳಿಯಿತು, ಆ ಪಾಳಿಯ ಊರೇ ಅದರ ಮುಖ್ಯ ಭಾಗ. ಶೀರ್ಷಿಕೆಯಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಹೋದ ತಿಂಗಳು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಫೋನ್ ಮಾಡಿದ್ದಳು. ತಾತನ ಮನೆತನದ ಇನಾಂ ಜಮೀನಿನ ಮರುಮಂಜೂರಾತಿ ಕಡತ ಸಿಕ್ಕಿದೆಯಂತೆ.